ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಫೋಟೋ ತೆಗೆದ ಕಥೆ

ಕುಮಟಾದಲ್ಲಿ ನಂದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ. ಇಲ್ಲಿನ ಮನೆಗಳಿಗೆ ಗಲ್ಫಿಂದ ಮಗ ಶಿಶುವಿನ ಹಾಲಿನ ಪುಡಿ ಡಬ್ಬಿ ಕಳಿಸ್ತಾನೆ, ಅದರ ಮೇಲೆ ಇಂಗ್ಲಿಷ್ ಮತ್ತು ಅರೇಬಿಕ್ ಬಿಟ್ಟು ಬೇರೆ ಇಲ್ಲ, ಇಲ್ಲಿ ಮಗುವಿಗೆ ಹಾಲು ಕಲಸುವವರು ಅಜ್ಜಿ. ಡಬ್ಬಿಯ ಹಿಂದಿನ ಸೂಚನೆಯನ್ನು ಕನ್ನಡದಲ್ಲಿ ಟೈಪ್ ಮಾಡಿ, ಲ್ಯಾಮಿನೇಷನ್ ಹಾಕಿ ಕೊಡುವುದು ನನ್ನ ಕೆಲಸ. ಕಾರ್ಡಿಗೆ 40 ರೂಪಾಯಿ. ಪಕ್ಕದ ಮೆಡಿಕಲ್ ಶಾಪಿನವರು ಮೊದಲು ನಕ್ಕರು. "ಅದ್ರಲ್ಲಿ ಏನಿದೆ, ಫೋಟೋ ಹೊಡೆದು ಫೋನಲ್ಲೇ ಟ್ರಾನ್ಸ್‌ಲೇಟ್ ಮಾಡಿದ್ರೆ ಆಯ್ತಲ್ವಾ?" ಅಂತ. ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಮೊದಲ ಕಾರ್ಡ್ ಹಾಳಾಯಿತು.

ಆ ಡಬ್ಬಿಯ ಪಟ್ಟಿ ಹೀಗಿತ್ತು. 90 ಎಂಎಲ್ ನೀರಿಗೆ 3 ಚಮಚ, 120ಕ್ಕೆ 4, 150ಕ್ಕೆ 5, 180ಕ್ಕೆ 6. ಡಬ್ಬಿ ದುಂಡಗೆ ಇರುತ್ತದಲ್ಲ, ನೀರಿನ ಅಂಕಣ ಮುಂದೆ, ಚಮಚದ ಅಂಕಣ ಬದಿಗೆ ಹೊರಳಿಕೊಂಡು ಹೋಗಿತ್ತು. ಫೋಟೋದಲ್ಲಿ ಗೆರೆಗಳು ಓರೆಯಾಗಿ, ನಾನು ಒಂದೊಂದು ಸಾಲು ಮೇಲಕ್ಕೆ ಜಾರಿಸಿ ಟೈಪ್ ಮಾಡಿಬಿಟ್ಟೆ. 90ಕ್ಕೆ 4, 120ಕ್ಕೆ 5, 150ಕ್ಕೆ 6. ಎರಡು ದಿನ ಮಗುವಿಗೆ ಗಟ್ಟಿ ಹಾಲು ಹೋಯಿತು. ಹೊಟ್ಟೆ ಕಟ್ಟಿಕೊಂಡು ಅಳ್ತಾ ಇದೆ ಅಂತ ಡಾಕ್ಟರ್ ಹತ್ತಿರ ಹೋದಾಗ ಅವರು ಡಬ್ಬಿಯನ್ನೂ ನನ್ನ ಕಾರ್ಡನ್ನೂ ಪಕ್ಕಪಕ್ಕ ಇಟ್ಟು, ಇದನ್ನ ಮಾಡಿದ್ದು ಯಾರು ಅಂತ ಕೇಳಿದರಂತೆ. ಮಗು ಸರಿಹೋಯಿತು. ನಾನು ಒಂದು ವಾರ ಆ ಮನೆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಹೊಳೆದದ್ದು ರಬ್ಬರ್ ಬ್ಯಾಂಡ್. ಡಬ್ಬಿಯ ಸುತ್ತ ಒಂದು ಸಾಲಿನ ಸರಿ ಕೆಳಗೆ ಬ್ಯಾಂಡ್ ಕೂರಿಸುವುದು. ಡಬ್ಬಿ ಎಷ್ಟು ತಿರುಗಿಸಿದರೂ ಬ್ಯಾಂಡ್ ಆ ಸಾಲಿನ ಜೊತೆಗೇ ಹೋಗುತ್ತದೆ. ಒಂದು ಸಾಲಿಗೆ ಮೂರು ಫೋಟೋ, ಒಂದು ಫೋಟೋದ ಕೊನೆಯ ಅಂಕಣ ಮುಂದಿನದರಲ್ಲೂ ಬರಬೇಕು. ಬ್ಯಾಂಡ್ ಇಳಿಸಿ ಮುಂದಿನ ಸಾಲು. ಫ್ಲ್ಯಾಶ್ ಬೇಡ, ತಗಡು ಹೊಳೆದು 6 ಮತ್ತು 8 ಒಂದೇ ಥರ ಕಾಣುತ್ತವೆ. ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಬರುವ ಬೆಳಕು ಸಾಕು. ಬ್ಯಾಂಡ್ ಕಟ್ಟುವುದನ್ನು ನೋಡಿ ಮೆಡಿಕಲಿನವರು ಮತ್ತೊಮ್ಮೆ ನಕ್ಕರು.

ಬ್ಯಾಂಡ್ ಒಂದರಿಂದಲೇ ಆಗಲಿಲ್ಲ. ಪ್ರತಿ ಸಾಲಿನಲ್ಲೂ ನೀರನ್ನು ಚಮಚದಿಂದ ಭಾಗಿಸಿ ನೋಡ್ತೇನೆ. ಸರಿಯಿದ್ದರೆ ಎಲ್ಲ ಸಾಲಿಗೂ ಒಂದೇ ಲೆಕ್ಕ ಬರಬೇಕು, ಆ ಡಬ್ಬಿಗೆ 30. ನನ್ನ ಹಾಳು ಕಾರ್ಡಿನಲ್ಲಿ 22.5, 24, 25 ಅಂತ ಬರುತ್ತಿತ್ತು, ಅವತ್ತು ಭಾಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈ ಲೆಕ್ಕವೂ ಒಂದು ಸಲ ಕೈ ಕೊಟ್ಟಿತು. ಕೆಲವು ವಿದೇಶಿ ಡಬ್ಬಿಗಳಲ್ಲಿ ನೀರಿನ ಪಕ್ಕ ಇನ್ನೊಂದು ಅಂಕಣ ಇರುತ್ತದೆ, ಕಲಸಿದ ಮೇಲೆ ಒಟ್ಟು ಎಷ್ಟು ಹಾಲು ಆಗುತ್ತದೆ ಅಂತ. 90 ಎಂಎಲ್ ನೀರಿಗೆ 3 ಚಮಚ ಹಾಕಿದರೆ ಸುಮಾರು 100 ಆಗುತ್ತದೆ, 180ಕ್ಕೆ 6 ಹಾಕಿದರೆ 200. ನಾನು ಆ 100, 200ರ ಅಂಕಣವನ್ನೇ ನೀರು ಅಂತ ತೆಗೆದುಕೊಂಡಿದ್ದೆ. ಭಾಗಿಸಿದರೆ ಎಲ್ಲ ಸಾಲಿಗೂ 33 ಚಿಲ್ಲರೆ, ಒಂದೇ ಥರ! ಖುಷಿಯಾಗಿ ಪ್ರಿಂಟ್ ಕೊಟ್ಟೆ. ಲ್ಯಾಮಿನೇಷನ್ ಆದ ಮೇಲೆ ಡಬ್ಬಿಯ ಮೂಲೆಯ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು, ಒಂದು ಚಮಚಕ್ಕೆ 30 ಎಂಎಲ್ ನೀರು ಅಂತ. ಹಂಚುವ ಮೊದಲು ಸಿಕ್ಕಿತು, ಆದರೂ ಇಪ್ಪತ್ತರ ಹತ್ತಿರ ಕಾರ್ಡ್ ಕತ್ತರಿಗೆ ಹೋಯಿತು, ಆರು ನೂರು ರೂಪಾಯಿ ಆಗಿರಬೇಕು. ಹಾಗಾಗಿ ಈಗ ಪಟ್ಟಿಯ ಲೆಕ್ಕವನ್ನು ಆ ಒಂದು ವಾಕ್ಯದ ಜೊತೆ ಹೊಂದಿಸದೆ ಪ್ರಿಂಟ್ ಒತ್ತುವುದಿಲ್ಲ. ಕಾರ್ಡಿನಲ್ಲಿ "ಮೊದಲು ನೀರು ಅಳೆದು ಹಾಕಿ, ಆಮೇಲೆ ಪುಡಿ" ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಪುಡಿ ಹಾಕಿ ಮೇಲಿಂದ 90ರ ಗೆರೆವರೆಗೆ ನೀರು ತುಂಬಿದರೆ ಹಾಲು ಗಟ್ಟಿಯಾಗುತ್ತದೆ.

ಅಂಕಿ ಇಂಗ್ಲಿಷ್ ಅಂಕಿಯೇ ಇರಲಿ. ಕನ್ನಡದ ೩ ಮತ್ತು ೬ ಸ್ವಲ್ಪ ಮಸುಕಾದರೆ ನಮಗೇ ಗೊತ್ತಾಗುವುದಿಲ್ಲ, ಇನ್ನು ಕಣ್ಣು ಮಂಜಾದ ಅಜ್ಜಿಗೆ? "ಚಮಚ" ಅಂತಷ್ಟೇ ಬರೆದರೆ ಅಡುಗೆ ಮನೆಯ ಚಮಚ ಬರುತ್ತದೆ, ಅದಕ್ಕೆ "ಡಬ್ಬಿ ಒಳಗಿನ ಅಳತೆ ಚಮಚ, ಮಟ್ಟ" ಅಂತ ಬರೆದೆ. ಸೇರಿನಲ್ಲಿ ಅಕ್ಕಿ ಅಳೆದು ಮೇಲೆ ಕೈ ಎಳೀತೇವಲ್ಲ, ಹಾಗೆ ಒಣಗಿದ ಚಾಕು ಎಳೆಯಬೇಕು, ಒತ್ತಿ ತುಂಬಬಾರದು.

ಇನ್ನು ಬಿಸಿ. ಫೋಟೋದಿಂದ ಅಕ್ಷರ ಎತ್ತುವ ಆ್ಯಪ್ 70°C ಅನ್ನು 700C ಅಂತ ಓದಿತು, ಡಿಗ್ರಿಯ ಚುಕ್ಕೆ ಸೊನ್ನೆ ಆಗಿಬಿಟ್ಟಿತ್ತು. ಅದು ನಗುವ ತಪ್ಪು, ಯಾರಿಗಾದರೂ ಕಾಣುತ್ತದೆ. ಕಾಣದ ತಪ್ಪು ಮಾಡಿದ್ದು ನಾನೇ. ಆ ಡಬ್ಬಿಯಲ್ಲಿ ಎರಡು ಬಿಸಿ ಇತ್ತು, ಪುಡಿ ಹಾಕುವಾಗ ನೀರು 70, ಕುಡಿಸುವಾಗ ಹಾಲು 37. ಎರಡನ್ನೂ ಸೇರಿಸಿ "ಉಗುರು ಬೆಚ್ಚಗಿನ ನೀರಿಗೆ ಪುಡಿ ಹಾಕಿ" ಅಂತ ಬರೆದಿದ್ದೆ. ಪುಡಿಯಲ್ಲೇ ಕ್ರಿಮಿ ಇರಬಹುದು, ಅದು ಸಾಯಲಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ 70ಕ್ಕಿಂತ ಕಡಿಮೆ ಬೇಡ ಅನ್ನುವುದು. ಆದರೆ ಕೆಲವು ಡಬ್ಬಿಗಳಲ್ಲಿ 40ರ ಆಸುಪಾಸು ಅಂತಲೂ ಇರುತ್ತದೆ. ಅಲ್ಲಿ ನಾನು ಬುದ್ಧಿವಂತಿಕೆ ತೋರಿಸುವುದಿಲ್ಲ, ಡಬ್ಬಿಯಲ್ಲಿ ಇದ್ದದ್ದನ್ನೇ ಬರೆದು ಡಾಕ್ಟರಿಗೆ ತೋರಿಸಿ ಅಂತೇನೆ.

70 ಅಂದರೆ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಜ್ವರ ನೋಡುವ ಗಾಜಿನ ಥರ್ಮಾಮೀಟರ್ ಅದ್ದಿದೆ, ಅದು 42ರವರೆಗೆ ಮಾತ್ರ, ಟಪ್ ಅಂತ ಒಡೆಯಿತು. ಆಮೇಲೆ 450 ಕೊಟ್ಟು ಕಡ್ಡಿಯಂಥ ಡಿಜಿಟಲ್ ತರಿಸಿದೆ. ಕುದಿಸಿದ ಒಂದು ಲೀಟರ್ ನೀರು ಮುಚ್ಚಿದ ಕೆಟಲ್ಲಿನಲ್ಲಿ ಅರ್ಧ ಗಂಟೆಗೆ 70ರ ಹತ್ತಿರ ಬಂತು. ಅದೇ ಕಾಲು ಲೀಟರ್ ನೀರು ತೆರೆದ ಸ್ಟೀಲ್ ತಂಬಿಗೆಯಲ್ಲಿ ಹತ್ತು ಹನ್ನೆರಡು ನಿಮಿಷಕ್ಕೇ ಇಳಿದುಬಿಟ್ಟಿತು. ಡಿಸೆಂಬರಿನಲ್ಲಿ ಶಿರಸಿಯ ಭಾವನ ಮನೆಯಲ್ಲಿ ಮಾಡಿ ನೋಡಿದೆ, ಇನ್ನೂ ಎರಡು ನಿಮಿಷ ಬೇಗ. ಭಾವ "ನಿಂಗೆ ಬೇರೆ ಕೆಲ್ಸ ಇಲ್ವಾ" ಅಂದ. ಅದಕ್ಕೆ ಕಾರ್ಡಿನಲ್ಲಿ ಸುಮ್ನೆ "ಅರ್ಧ ಗಂಟೆ ಆರಿಸಿ" ಅಂತ ಇರುವುದಿಲ್ಲ, "1 ಲೀಟರ್ ಕುದಿಸಿ, ಮುಚ್ಚಿ, ಅರ್ಧ ಗಂಟೆ ದಾಟಬಾರದು" ಅಂತ ಇರುತ್ತದೆ. ಕಲಸಿದ ಮೇಲೆ ಬಾಟಲಿಯನ್ನು ನಲ್ಲಿ ನೀರಿನ ಕೆಳಗೆ ಹಿಡಿದು ತಣಿಸಿ, ಮುಂಗೈ ಮೇಲೆ ಎರಡು ಹನಿ ಬಿಟ್ಟು ನೋಡಿ ಕುಡಿಸುವುದು ಬೇರೆ ಸಾಲು.

ಹಬೆಗೂ ಮಳೆಗಾಲದ ತೇವಕ್ಕೂ ಕಾರ್ಡಿನ ಅಂಚು ಬಿಡದ ಹಾಗೆ ಹೇಗೆ ಮಾಡ್ತೇನೆ ಅಂತ ಕೇಳಬೇಡಿ, ಅದು ಹೊಟ್ಟೆಪಾಡು. ಒಂದು ಮಾತ್ರ ಹೇಳ್ತೇನೆ, ಡಬ್ಬಿ ಎದುರಿಗೆ ಇಲ್ಲದೆ ಕಾರ್ಡ್ ಮಾಡುವುದಿಲ್ಲ, ಅಂಗಡಿಯಲ್ಲಿ ಇದರ ಬೋರ್ಡನ್ನೂ ಹಾಕಿಲ್ಲ. ಶಿಶುಗಳ ಹಾಲಿನ ಪುಡಿಯ ಪ್ರಚಾರಕ್ಕೆ 1992ರ ಕಾಯ್ದೆ ಅಡ್ಡ ಇದೆ. ತಾಯಿ ಹಾಲೇ ಉತ್ತಮ ಅನ್ನುವ ಸಾಲು ನನ್ನ ಕಾರ್ಡಿನಲ್ಲೂ ಎಲ್ಲಕ್ಕಿಂತ ಮೇಲೆ ಇರುತ್ತದೆ.

ಮೊನ್ನೆ ಅದೇ ಮೊದಲ ಮನೆಯ ಅಜ್ಜಿ ಹೊಸ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಬಂದರು. "ನಂಗೆ ಕನ್ನಡ ಓದೂಕೆ ಬತ್ತದೆ ತಮಾ, ಇದ್ರ ಚಮಚ ದೊಡ್ಡ ಕಾಣ್ತದೆ, ನೋಡು." ಬ್ಯಾಂಡ್ ಹಾಕಿ ನೋಡಿದೆ, ಭಾಗಿಸಿದೆ, 60 ಬಂತು. ಒಂದು ಚಮಚಕ್ಕೆ 60 ಎಂಎಲ್. ಹಳೇ ಕಾರ್ಡ್ ಹಿಡಿದು ಕಲಸಿದ್ದರೆ ಹಾಲು ಎರಡರಷ್ಟು ಗಟ್ಟಿ. ಹಳೇ ಕಾರ್ಡನ್ನೂ ಹಳೇ ಚಮಚವನ್ನೂ ಅಲ್ಲೇ ಇಸಕೊಂಡು ಹೊಸದು ಮಾಡಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಈಗ ಮೆಡಿಕಲಿನವರೇ ಜನರನ್ನು ನನ್ನ ಕಡೆ ಕಳಿಸ್ತಾರೆ, ರಬ್ಬರ್ ಬ್ಯಾಂಡ್ ಖಾಲಿಯಾದರೆ ಅವರ ಕೌಂಟರಿಂದಲೇ ತರ್ತೇನೆ.