ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಶೇ. 24 ಹೀಲಿಯಂ: ನನ್ನ ಅನುಭವ

ಸೊನ್ನೆಯಿಂದ ಶುರು ಮಾಡಿ ಆದಿ ವಿಶ್ವದ ಹೀಲಿಯಂ ಪಾಲನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ತೆಗೆಯಬಹುದು ಎಂದಾಗ ಗಂಗಾವತಿ, ಕೊಪ್ಪಳದ ಕಡೆಯ ನಮ್ಮ ಭೌತಶಾಸ್ತ್ರದ ಮೇಷ್ಟ್ರುಗಳಲ್ಲಿ ಯಾರೂ ಒಪ್ಪಲಿಲ್ಲ. ಇದಕ್ಕೆ ಫೋರ್ಟ್ರಾನ್ ಬೇಕು, ಅರವತ್ತು ಎಪ್ಪತ್ತು ಸಾವಿರದ ಮಷೀನ್ ಬೇಕು ಅಂದರು. ನನ್ನದು ಬಳ್ಳಾರಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಹನ್ನೆರಡು ಸಾವಿರದ ಆಸುಪಾಸು. ಲಿಬ್ರೆಆಫೀಸ್ ಪುಕ್ಕಟೆ. ಈಗ ಅದೇ ಶೀಟಿನಲ್ಲಿ 0.24ರ ಹತ್ತಿರ ಉತ್ತರ ಬರುತ್ತದೆ, ಬಿ.ಎಸ್ಸಿ. ಹುಡುಗರು ತಾವೇ ಹಾಕಿ ನೋಡುತ್ತಾರೆ.

ಮೂಲ ಸಮೀಕರಣ ನಿಮಗೆ ಗೊತ್ತಿರುವುದೇ: dX/dx = B·(e⁻ˣ − X·(1+e⁻ˣ)), ಇದರ B ಕೆಳಗಿನ ಶೀಟಿನ B ಕಾಲಂ. ನ್ಯೂಟ್ರಾನಿನ ಪಾಲು X, ಮತ್ತು x ಎಂದರೆ ನ್ಯೂಟ್ರಾನ್ ಪ್ರೋಟಾನ್‌ಗಳ ರಾಶಿಯ ವ್ಯತ್ಯಾಸವಾದ 1.293 ಎಂ.ಇ.ವಿ.ಯನ್ನು ತಾಪದಿಂದ ಭಾಗಿಸಿದ್ದು. ತಾಪವನ್ನೂ ಎಂ.ಇ.ವಿ.ಯಲ್ಲೇ ಇಟ್ಟುಕೊಳ್ಳಿ. ನ್ಯೂಟ್ರಾನ್ ಪ್ರೋಟಾನ್ ಆಗುವ ದರಕ್ಕೆ 255/(880·x⁵)·(12+6x+x²) ಎಂಬ ಸೂತ್ರ ಸಾಕು. 880 ಎಂಬುದು ಬಿಡಿ ನ್ಯೂಟ್ರಾನಿನ ಸರಾಸರಿ ಆಯಸ್ಸು, ಸೆಕೆಂಡುಗಳಲ್ಲಿ. x ಒಂದಾದಾಗ ಹಬಲ್ ದರ ಸೆಕೆಂಡಿಗೆ 1.13.

ಎಲ್ಲರೂ ಕೈಬಿಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹಳೇ X‌ಗೆ ಇಳಿಜಾರನ್ನು ಕೂಡಿಸುತ್ತ ಹೋಗುವ ಸಾದಾ ಆಯ್ಲರ್ ವಿಧಾನ ಇಲ್ಲಿ ನಡೆಯುವುದಿಲ್ಲ. x 0.1 ಇರುವಾಗ ದರ ಎಷ್ಟು ಜೋರಾಗಿದೆಯೆಂದರೆ ಹೆಜ್ಜೆ 0.00003 ದಾಟಿದರೆ ಲೆಕ್ಕ ಸಿಡಿಯುತ್ತದೆ. ಸಿಡಿದದ್ದು ಗೊತ್ತಾಗುವುದು ಹೀಗೆ: ಒಂದು ಸಾಲು ಪ್ಲಸ್, ಮುಂದಿನದು ಮೈನಸ್, ಹೆಜ್ಜೆ 0.01 ಇದ್ದರೆ ಹದಿಮೂರು ಸಾಲು ದಾಟುವುದರೊಳಗೆ ಸಂಖ್ಯೆಯ ಪಕ್ಕದಲ್ಲಿ E+20. ಹೆಜ್ಜೆ ಸಣ್ಣದು ಮಾಡಿದರೆ ಆರು ಲಕ್ಷಕ್ಕೂ ಹೆಚ್ಚು ಸಾಲು ಬೇಕು. ಅಷ್ಟಕ್ಕೆ ಹಳೇ ಮಷೀನ್ ನಿಂತೇ ಹೋಗುತ್ತದೆ, ಬಳ್ಳಾರಿ ಕಡೆಯ ಏಪ್ರಿಲ್ ಬಿಸಿಲಿನಲ್ಲಂತೂ ಫ್ಯಾನ್ ಕೂಗಿಕೊಂಡು ಆಫ್ ಆಗುತ್ತದೆ. ದೊಡ್ಡ ಮಷೀನ್ ಬೇಕು ಎಂಬ ಮಾತು ಹುಟ್ಟಿದ್ದೇ ಇಲ್ಲಿಂದ. ಬೇಕಿದ್ದದ್ದು ಮಷೀನಲ್ಲ, ಹಿಂದುಮುಂದಾಗಿ ಬರೆದ ಆಯ್ಲರ್. ಹೊಸ X ಅನ್ನೇ ಬಲಗಡೆಯೂ ಇಟ್ಟು ಬಿಡಿಸಿಕೊಳ್ಳಬೇಕು. ಸಮೀಕರಣ X‌ನಲ್ಲಿ ಸರಳರೇಖೆಯದ್ದಾದ್ದರಿಂದ ಒಂದೇ ಭಾಗಾಕಾರದಲ್ಲಿ ಮುಗಿಯುತ್ತದೆ:

```
A2: 0.1
C2: =EXP(-A2)/(1+EXP(-A2))
A3: =A2+0.01
B3: =A3*255/(880*A3^5)*(12+6*A3+A3^2)/1.13
C3: =(C2+0.01*B3*EXP(-A3))/(1+0.01*B3*(1+EXP(-A3)))
```

ಮೂರನೇ ಸಾಲನ್ನು x 20 ಆಗುವವರೆಗೆ ಕೆಳಗೆ ಎಳೆಯಿರಿ. ಸುಮಾರು ಎರಡು ಸಾವಿರ ಸಾಲು, ಕಣ್ಣು ಮಿಟುಕಿಸುವುದರೊಳಗೆ ತುಂಬುತ್ತದೆ. D ಕಾಲಂನಲ್ಲಿ C2ರ ಸೂತ್ರದಿಂದಲೇ ಸಮತೋಲದ ಬೆಲೆಯನ್ನೂ ಹಾಕಿಕೊಂಡರೆ ಎರಡೂ ಬೇರೆಯಾಗುವ ಜಾಗ ಕಾಣುತ್ತದೆ. x ಎರಡಾದಾಗ, ಅಂದರೆ ತಾಪ 0.65 ಎಂ.ಇ.ವಿ.ಗೆ ಇಳಿದಾಗ, ಸಮತೋಲ 0.12 ಅನ್ನುತ್ತದೆ, ನಿಜದ X 0.21ರ ಹತ್ತಿರ ಉಳಿದಿರುತ್ತದೆ. ವಿಶ್ವ ಹಿಗ್ಗುವ ವೇಗಕ್ಕೆ ದುರ್ಬಲ ಬಲದ ಪ್ರತಿಕ್ರಿಯೆಗಳು ಸರಿಗಟ್ಟಲಾರದೆ ಹಿಂದೆ ಬಿದ್ದಿವೆ. ಹಾಗೆ ಹಿಂದೆ ಬೀಳದೇ ಇದ್ದಿದ್ದರೆ ನ್ಯೂಟ್ರಾನ್‌ಗಳು ಸಮತೋಲದ ಜೊತೆಗೇ ಸವೆದುಹೋಗಿ ಹೀಲಿಯಂ ಕಟ್ಟಲು ಏನೂ ಉಳಿಯುತ್ತಿರಲಿಲ್ಲ. ಕೊನೆಗೆ X 0.15ಕ್ಕೆ ಬಂದು ನಿಲ್ಲುತ್ತದೆ.

ಇಲ್ಲೊಂದು ಅಡ್ಡ ಪ್ರಯೋಗ. C2ರಲ್ಲಿ ಸೂತ್ರ ಅಳಿಸಿ ಬರೀ 1 ಹಾಕಿ, ಎಲ್ಲವೂ ನ್ಯೂಟ್ರಾನ್ ಎಂದು. ಗ್ಯಾಮೊ ಮತ್ತು ಆಲ್ಫರ್ 1948ರಲ್ಲಿ ಹಾಗೇ ಇಟ್ಟುಕೊಂಡಿದ್ದರು. ಎರಡು ಮೂರು ಸಾಲಿನಲ್ಲೇ ಕಾಲಂ ಹಳೇ ದಾರಿಗೆ ಬಂದುಬಿಡುತ್ತದೆ. 0 ಹಾಕಿದರೂ ಅಷ್ಟೇ. ಶುರು ಎಲ್ಲಿಂದಾದರೂ ಆಗಲಿ, ಆ ಬಿಸಿಯಲ್ಲಿ ಪ್ರೋಟಾನ್ ನ್ಯೂಟ್ರಾನ್‌ಗಳ ಅನುಪಾತವನ್ನು ತಾಪವೇ ನಿರ್ಧರಿಸುತ್ತದೆ ಎಂದು ಹಯಾಶಿ 1950ರಲ್ಲಿ ತೋರಿಸಿದ ಮಾತು ಇದೇ. ನನ್ನ ಶೀಟಿನಲ್ಲಿ ಹುಡುಗರಿಗೆ ಬಹಳ ಹಿಡಿಸುವ ಜಾಗವೂ ಇದೇ.

0.15ನ್ನು ಎರಡರಿಂದ ಗುಣಿಸಿ ಹೀಲಿಯಂ 0.30 ಎಂದು ಬರೆದವರುಂಟು. ಈ ಸೂತ್ರದಲ್ಲಿ ಬಿಡಿ ನ್ಯೂಟ್ರಾನಿನ ಕ್ಷಯ ಸೇರಿಲ್ಲ. ಅದನ್ನು ಕೊನೆಗೆ ಕಳೆಯಬೇಕು, ಮತ್ತು ಎಷ್ಟು ಹೊತ್ತಿನ ಕ್ಷಯ ಎಂಬುದನ್ನು ನಿರ್ಧರಿಸುವುದು ಡ್ಯೂಟೀರಿಯಂ. ಅದರ ಬಂಧನ ಶಕ್ತಿ 2.22 ಎಂ.ಇ.ವಿ. ಮಾತ್ರ. ಒಂದು ಬೇರಿಯಾನ್‌ಗೆ 160 ಕೋಟಿಗೂ ಹೆಚ್ಚು ಫೋಟಾನ್‌ಗಳಿದ್ದವು. ಸರಾಸರಿ ಫೋಟಾನ್ ದುರ್ಬಲವಾದ ಮೇಲೂ ಬಾಲದಲ್ಲಿರುವ ಕೆಲವೇ ಬಲವಾದವು ಹುಟ್ಟಿದ ಡ್ಯೂಟೀರಿಯಂ ಅನ್ನೆಲ್ಲ ಒಡೆದು ಹಾಕಲು ಸಾಕಾಗುತ್ತಿದ್ದವು. ಸಾಹಾ ಸಮೀಕರಣ ಹಾಕಿದರೆ 0.2 ಎಂ.ಇ.ವಿ.ಯಲ್ಲೂ ಡ್ಯೂಟೀರಿಯಂ ನೂರು ಕೋಟಿಯಲ್ಲಿ ಒಂದೆರಡನ್ನು ಮುಟ್ಟುವುದಿಲ್ಲ.

ಡ್ಯೂಟೀರಿಯಂ ಧಾರಾಳವಾಗುವವರೆಗೆ ಕಾಯೋಣ ಎಂದರೆ ತಾಪ 0.07ಕ್ಕೆ ಇಳಿಯುತ್ತದೆ, ಹೀಲಿಯಂ 0.22 ಬರುತ್ತದೆ. ಅದು ಕಡಿಮೆ. ಡ್ಯೂಟೀರಿಯಂ ಇನ್ನೂ ಸಾವಿರದಲ್ಲಿ ಒಂದರ ಮಟ್ಟದಲ್ಲಿರುವಾಗಲೇ ಎರಡೆರಡು ಡ್ಯೂಟೆರಾನ್‌ಗಳು ಸೇರಿ ಟ್ರೀಷಿಯಂ, ಹೀಲಿಯಂ-3 ಆಗಿ ಅಲ್ಲಿಂದ ಹೀಲಿಯಂ-4ಕ್ಕೆ ಓಡತೊಡಗುತ್ತವೆ. ಆ ಓಟ ಶುರುವಾಗುವ ತಾಪ 0.08ರ ಹತ್ತಿರ. ಡ್ಯೂಟೆರಾನ್ ದರಕ್ಕೆ ನಾನು ಒಂದು ಚಿಕ್ಕ ಸೂತ್ರ ಕೂಡಿಸಿಕೊಂಡಿದ್ದೇನೆ, ಅದನ್ನು ಇಲ್ಲಿ ಕೊಡುವುದಿಲ್ಲ, ನೀವೇ ಮಾಡಿ ನೋಡಿದರೆ ಚೆನ್ನ.

ಈಗ ಕಾಲ. ಎಲೆಕ್ಟ್ರಾನ್ ಪಾಸಿಟ್ರಾನ್‌ಗಳು ಪರಸ್ಪರ ಅಳಿದ ಮೇಲೆ ಕಾಲ 1.32ನ್ನು ತಾಪದ ವರ್ಗದಿಂದ ಭಾಗಿಸಿದಷ್ಟು, ಅಳಿಯುವ ಮುಂಚೆ 1.32ರ ಬದಲು 0.74. 0.08 ಎಂ.ಇ.ವಿ.ಗೆ 1.32 ಹಾಕಿದರೆ 206 ಸೆಕೆಂಡು. ಅಷ್ಟರಲ್ಲಿ ಉಳಿಯುವ ನ್ಯೂಟ್ರಾನ್ ಶೇ. 79. ಆಗ X 0.119, ಏಳು ಪ್ರೋಟಾನ್‌ಗೆ ಸುಮಾರು ಒಂದು ನ್ಯೂಟ್ರಾನ್. ಇದ್ದ ನ್ಯೂಟ್ರಾನ್‌ಗಳೆಲ್ಲ ಅಷ್ಟೇ ಪ್ರೋಟಾನ್‌ಗಳನ್ನು ಜೊತೆಗೆ ಎಳೆದುಕೊಂಡು ಹೀಲಿಯಂ ಸೇರುತ್ತವೆ, ತೂಕದಲ್ಲಿ 0.24. ಜೋಡಿ ಸಿಗದೆ ಉಳಿದ ಪ್ರೋಟಾನ್‌ಗಳೇ ಮುಕ್ಕಾಲು ಪಾಲಿನ ಹೈಡ್ರೋಜನ್. ನಿಮ್ಮ ಶೀಟು 0.26 ತೋರಿಸಿದರೆ 0.74 ಹಾಕಿದ್ದೀರಿ ಎಂದೇ ಅರ್ಥ, ಬೇರೆಲ್ಲೂ ಹುಡುಕಬೇಡಿ. ಪೂರ್ಣ ಪ್ರೋಗ್ರಾಂಗಳು 0.247 ಕೊಡುತ್ತವೆ, ಲೋಹಾಂಶ ತೀರ ಕಡಿಮೆಯಿರುವ ಗೆಲಾಕ್ಸಿಗಳ ಅಳತೆ 0.245ರ ಆಸುಪಾಸು. ಉಳಿದ ಚೂರು ವ್ಯತ್ಯಾಸ ಎಲೆಕ್ಟ್ರಾನಿನ ರಾಶಿ ಮತ್ತು ಇತರ ತಿದ್ದುಪಡಿಗಳದ್ದು, ಶೀಟಿಗೆ ಅದು ಹೊರೆ.

ಬೇರಿಯಾನ್ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೆ ಹೀಲಿಯಂ 0.007ರಷ್ಟು ಮಾತ್ರ ಏರುತ್ತದೆ. ಪೂರ್ಣ ಲೆಕ್ಕದಲ್ಲಿ ಉಳಿಕೆ ಡ್ಯೂಟೀರಿಯಂ ಮಾತ್ರ ಮೂರನೇ ಒಂದಕ್ಕೆ ಕುಸಿಯುತ್ತದೆ. ಬೇರಿಯಾನ್ ಅಳೆಯಲು ಹೀಲಿಯಂ ಬಿಟ್ಟು ಡ್ಯೂಟೀರಿಯಂ ಹಿಡಿಯುವುದು ಅದಕ್ಕೇ.

ಹೀಲಿಯಂ ಆದ ಮೇಲೆ ಕಾರ್ಬನ್ ಯಾಕಾಗಲಿಲ್ಲ ಎಂದು ಕೇಳುತ್ತಾರೆ. ಐದು ಮತ್ತು ಎಂಟು ಕಣಗಳ ಸ್ಥಿರ ನ್ಯೂಕ್ಲಿಯಸ್ ಇಲ್ಲ. ಹೀಲಿಯಂಗೆ ಪ್ರೋಟಾನ್ ಸೇರಿದರೂ, ಎರಡು ಹೀಲಿಯಂ ಸೇರಿದರೂ ಕ್ಷಣದಲ್ಲಿ ಒಡೆಯುತ್ತದೆ. ಬೆರಿಲಿಯಂ-8ರ ಆಯಸ್ಸು 10⁻¹⁶ ಸೆಕೆಂಡು. ನಕ್ಷತ್ರದ ಒಡಲಲ್ಲಿ ಮೂರನೇ ಹೀಲಿಯಂ ಅಷ್ಟರೊಳಗೆ ಬಂದು ತಾಗುತ್ತದೆ, ಯಾಕೆಂದರೆ ಅಲ್ಲಿ ಘನ ಸೆಂಟಿಮೀಟರಿಗೆ ಸಾವಿರಾರು ಗ್ರಾಂ ಸಾಂದ್ರತೆ, ಜೊತೆಗೆ ಲಕ್ಷಾಂತರ ವರ್ಷಗಳ ಕಾಲಾವಕಾಶ. ನಮ್ಮ ಶೀಟಿನ 0.08 ಎಂ.ಇ.ವಿ. ಸಾಲಿನಲ್ಲಿ ಬೇರಿಯಾನ್ ಸಾಂದ್ರತೆ ಹಾಕಿ ನೋಡಿ: ಘನ ಸೆಂಟಿಮೀಟರಿಗೆ 0.000016 ಗ್ರಾಂ. ನಾವು ಉಸಿರಾಡುವ ಗಾಳಿಗಿಂತ ಎಪ್ಪತ್ತು ಪಟ್ಟು ತೆಳು, ಅದೂ ಪ್ರತಿ ಸಾಲಿಗೂ ಇನ್ನಷ್ಟು ತೆಳುವಾಗುತ್ತ ತಣ್ಣಗಾಗುತ್ತ ಹೋಗುತ್ತಿದೆ. ಆ ಕಂದಕ ದಾಟಿದ್ದು ಲಿಥಿಯಂ-7ರ ಒಂದು ಚಿಟಿಕೆ ಮಾತ್ರ, ಅದರಲ್ಲೂ ಲೆಕ್ಕ ಹೇಳುವುದು ಹಳೇ ನಕ್ಷತ್ರಗಳಲ್ಲಿ ಕಾಣುವುದರ ಸುಮಾರು ಮೂರು ಪಟ್ಟು. ಆ ಅಂತರ ಇನ್ನೂ ಮುಚ್ಚಿಲ್ಲ, ನನ್ನ ಶೀಟಿನಲ್ಲಿ ಲಿಥಿಯಂ ಕಾಲಂ ಸದ್ಯಕ್ಕೆ ಖಾಲಿ ಇದೆ.