ಬಾಳೆಲೆ ಪದ್ಯದಲ್ಲಿ ಪಲ್ಯ ಯಾಕೆ ಕೊನೆಗೆ ಬಂತು?

‘ಒಂದು ಎರಡು, ಬಾಳೆಲೆ ಹರಡು’ ಪದ್ಯವನ್ನು ನಾನು ವರ್ಷಾನುಗಟ್ಟಲೆ ಒಂದನೇ ತರಗತಿಗೆ ಹಾಡಿಸಿದ್ದೇನೆ. ಚಪ್ಪಾಳೆ, ತಾಳ, ಎಣಿಕೆ, ಅಷ್ಟೇ. ಒಂದು ದಿನ ಪದ್ಯ ಕೇಳುತ್ತಾ ಕುಳಿತಿದ್ದ ನಮ್ಮ ಸೋದರತ್ತೆ, ‘ಅಲ್ವೇ, ಯಾರಾದ್ರೂ ಅನ್ನ ಹಾಕಿ, ಸಾರು ಬಿಟ್ಟು, ಆಮೇಲೆ ಪಲ್ಯ ಬಡಿಸ್ತಾರಾ?’ ಅಂದರು.

ಹೌದಲ್ವಾ! ನಮ್ಮ ಕಡೆ ಎಲೆ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೊದಲು ಬರುತ್ತವೆ. ಅನ್ನ ಆಮೇಲೆ. ಪದ್ಯದಲ್ಲಿ ಇದು ತಿರುಗಾಮುರುಗಾ. ಹಿಂದಿನವರು ಹೀಗೇ ಬಡಿಸುತ್ತಿದ್ದರೇನೋ ಅಂತ ನಾನು ತಕ್ಷಣ ಒಂದು ಇತಿಹಾಸ ಕಟ್ಟಿಬಿಟ್ಟೆ. ತರಗತಿಯಲ್ಲೂ ಹೇಳಿದೆ. ಅದು ತಪ್ಪು.

ತಪ್ಪು ಗೊತ್ತಾಗಿದ್ದು ಪ್ರಾಸದ ಪದಗಳ ಕೆಳಗೆ ಗೆರೆ ಎಳೆದಾಗ. ಎರಡು–ಹರಡು, ನಾಲ್ಕು–ಹಾಕು, ಆರು–ಸಾರು, ಎಂಟು–ದಂಟು. ಇಲ್ಲಿ ಬಡಿಸುತ್ತಿರುವುದು ಅಂಕಿಗಳು! ‘ಆರು’ ಬಂದಾಗ ‘ಸಾರು’ ಬರಲೇಬೇಕು. ‘ಎಂಟು’ ಬರೋವರೆಗೆ ದಂಟಿಗೆ ಜಾಗ ಇಲ್ಲ, ದಂಟು ಬರೋವರೆಗೆ ಪಲ್ಯವೂ ಇಲ್ಲ. ಪಲ್ಯ ಹಿಂದೆ ಬಿದ್ದದ್ದು ಹೀಗೆ. ಪದ್ಯದ ಒಳಗಿನ ಈ ತರ್ಕ ಅಡುಗೆಮನೆಯ ತರ್ಕಕ್ಕೆ ಬಗ್ಗುವುದಿಲ್ಲ. ಈ ಸಾಲುಗಳಿಂದ ಬಡಿಸುವ ಕ್ರಮದ ಇತಿಹಾಸ ತೆಗೆಯಲಾಗದು.

ಹಾಗಾದರೆ ಜನಜೀವನ ಎಲ್ಲಿ ಕಾಣುತ್ತದೆ? ಪ್ರಾಸ ಬಲವಂತ ಮಾಡದ ಪದಗಳಲ್ಲಿ. ಇದನ್ನು ತೋರಿಸಿದ್ದು ಒಬ್ಬ ಹುಡುಗ. ‘ಮೂರು ನಾಲ್ಕು, ಅನ್ನ ಹಾಕು’ ಅಂದಾಗ ಅವನು, ‘ಮಿಸ್, ನಮ್ಮನೇಲಿ ಮುದ್ದೆ’ ಅಂದ. ‘ಮುದ್ದೆ ಹಾಕು’ ಅಂತ ಹಾಡಿಸಿದೆ. ತಾಳ ಒಂಚೂರೂ ತಪ್ಪಲಿಲ್ಲ. ಮಾತ್ರೆ ಎಣಿಸಿ ನೋಡಿ: ‘ಅನ್ನ’ದಲ್ಲಿ ಒತ್ತಕ್ಷರದ ಹಿಂದಿನ ‘ಅ’ಗೆ ಎರಡು, ‘ನ್ನ’ಗೆ ಒಂದು, ಒಟ್ಟು ಮೂರು. ‘ಮುದ್ದೆ’ಗೂ ಮೂರು, ‘ರೊಟ್ಟಿ’ಗೂ ಮೂರು. ಅಂದರೆ ಮೂರರಲ್ಲಿ ಯಾವುದನ್ನಾದರೂ ಹಾಕಬಹುದಿತ್ತು. ಆದರೂ ಅನ್ನವೇ ಬಂದಿದೆ. ಅದು ಆಯ್ಕೆ. ‘ಸಾರು’ ಪ್ರಾಸದ ಕೆಲಸ, ‘ಬೇಳೆ’ ಅಲ್ಲ; ಅದೇ ತಾಳಕ್ಕೆ ‘ಸೊಪ್ಪು ಸಾರು’, ‘ಕೋಳಿ ಸಾರು’ ಎರಡೂ ಕೂರುತ್ತವೆ.

ಅನ್ನ, ಬೇಳೆ ಸಾರು, ದಂಟಿನ ಪಲ್ಯ. ರಾಗಿ ಮುದ್ದೆಯ ಮನೆಯೂ ಅಲ್ಲ, ಜೋಳದ ರೊಟ್ಟಿಯ ಮನೆಯೂ ಅಲ್ಲ. ಪಾಯಸ, ಹೋಳಿಗೆ ಇಲ್ಲ, ಆದ್ದರಿಂದ ಹಬ್ಬದ ಊಟದ ಹಾಗೂ ಕಾಣುವುದಿಲ್ಲ. ಅನ್ನ ಉಣ್ಣುವ ಒಂದು ಮನೆಯ ದಿನದ ಊಟವನ್ನು ಎಲ್ಲ ಮಕ್ಕಳ ಊಟ ಅನ್ನುವ ಹಾಗೆ ನಾವು ಶಾಲೆಯಲ್ಲಿ ಹಾಡಿಸುತ್ತಾ ಬಂದಿದ್ದೇವೆ. ಆ ಹುಡುಗನಿಗೆ ಅದು ಒಂದೇ ಸಲಕ್ಕೆ ಕಂಡಿತು, ನನಗೆ ಇಷ್ಟು ವರ್ಷ ಬೇಕಾಯಿತು. ಹಾಗಂತ ಪದ್ಯ ಕಟ್ಟಿದವರು ಇಂಥ ಜಾತಿಯವರು, ಇಂಥ ಊರಿನವರು ಅಂತ ಹೇಳಲು ಹೋಗುವುದಿಲ್ಲ. ಮೂರು ಪದಾರ್ಥಗಳಿಂದ ಅಷ್ಟು ದೂರ ಹೋಗಲಾಗದು.

ಎಚ್ಚರ ಬೇಕು ಅನ್ನೋದಕ್ಕೆ ಇಂಗ್ಲಿಷಿನ ‘ರಿಂಗಾ ರಿಂಗಾ ರೋಸಸ್’ ಕಥೆ ಸಾಕು. ಅದು 1665ರ ಲಂಡನ್ ಪ್ಲೇಗಿನ ಹಾಡು, ಸೀನಿ ಸತ್ತು ಬೀಳುವವರ ಚಿತ್ರ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಆ ಹಾಡು ಅಚ್ಚಾಗಿ ಸಿಗುವುದು 1881ರಲ್ಲಿ. ಪ್ಲೇಗಿನ ಅರ್ಥ ಹರಡಿದ್ದು ಇಪ್ಪತ್ತನೇ ಶತಮಾನದಲ್ಲಿ. ಸೀನುವ ಮಾತೇ ಇಲ್ಲದ ಹಳೆಯ ರೂಪಗಳೂ ಆ ಹಾಡಿಗೆ ಇವೆ. ಪದಕ್ಕೊಂದು ಕಥೆ ಹೊಂದಿಸುವುದು ಸುಲಭ, ಪದ ಬದಲಾದರೆ ಕಥೆ ಬಿದ್ದುಹೋಗುತ್ತದೆ. ಅದಕ್ಕೇ ನಾನೀಗ ಪದ ಬದಲಿಸಿ ನೋಡದೆ ಏನೂ ಹೇಳುವುದಿಲ್ಲ.

ಕೊನೆಗೆ ಉಳಿದದ್ದು ಬಾಳೆಲೆ. ಅದು ಆಯ್ಕೆಯೋ ಬಲವಂತವೋ? ಮಕ್ಕಳಿಗೆ ‘ನಿಮ್ಮನೇಲಿ ಯಾವುದರಲ್ಲಿ ಊಟ ಮಾಡ್ತೀರಾ?’ ಅಂದೆ. ಎಲ್ಲರದ್ದೂ ಸ್ಟೀಲ್ ತಟ್ಟೆ. ‘ಒಂದು ಎರಡು, ತಟ್ಟೆಯ ಹರಡು’ ಅಂತ ಹಾಡಿಸಿದೆ. ತಾಳ ಸರಿ ಕೂತಿತು, ಆದರೆ ಮಕ್ಕಳು ನಕ್ಕುಬಿಟ್ಟರು. ತಟ್ಟೆ ಇಡ್ತಾರೆ, ಹರಡಲ್ಲ. ‘ಎರಡು’ ಎಳೆದು ತಂದದ್ದು ‘ಹರಡು’, ‘ಹರಡು’ ಎಳೆದು ತಂದದ್ದು ಎಲೆ. ಬಾಳೆಲೆಯಲ್ಲಿ ಅರ್ಧ ಪ್ರಾಸ, ಅರ್ಧ ಮನೆ ಅಂತ ಬರೆದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬಳು ಕೈ ಎತ್ತಿ, ‘ಒಂದು ಎರಡು, ಚಾಪೆ ಹರಡು’ ಅಂದಳು. ಅವಳ ಮನೆಯಲ್ಲಿ ಊಟಕ್ಕೆ ಮೊದಲು ಮಾಡುವ ಕೆಲಸ ಅದು.