ಖಾಲಿ ಡಬ್ಬಿ: 60 ಸೆಕೆಂಡಿನ ಒಂದು ನಗೆ ವಿಡಿಯೊ ಬರೆದದ್ದು ಹೀಗೆ

ಪಕ್ಕದ ಮನೆಯವರು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಅದನ್ನು ಖಾಲಿ ವಾಪಸ್ ಕೊಡಬಾರದು. ಇದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆಯೇ ಎಲ್ಲರಿಗೂ ಗೊತ್ತಿರುವ ನಿಯಮ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಇದರ ಮೇಲೆ ಒಂದು ಸಣ್ಣ ವಿಡಿಯೊ ಮಾಡಬೇಕು ಅಂತ ಬಹಳ ದಿನದಿಂದ ಇತ್ತು. ಯೂಟ್ಯೂಬ್ ಶಾರ್ಟ್ಸ್‌ಗೆ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೂ ಅವಕಾಶ ಇದೆ. ಆದರೂ ನಾನು 60 ಸೆಕೆಂಡಿಗೇ ನಿಲ್ಲಿಸಿಕೊಂಡೆ. ಈ ವಿಷಯದಲ್ಲಿ ಇರುವುದು ಒಂದೇ ನಗು. ಒಂದು ನಗುವಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಕಾಯಿಸಬಾರದು.

ಮೊದಲ ಸಲ ಬರೆದಾಗ ಆರಂಭದಿಂದ ಬರೆಯುತ್ತಾ ಹೋದೆ. ಅತ್ತೆ, ಸೊಸೆ, ಮಗ, ಒಂದಷ್ಟು ಮಾತು. ಪಕ್ಕದ ಮನೆಯಿಂದ ಒಂದು ಡಬ್ಬಿ ಬರುತ್ತದೆ, ಅತ್ತೆ ಅದಕ್ಕೆ ಚಿತ್ರಾನ್ನ ಹಾಕಿ ವಾಪಸ್ ಕಳಿಸುತ್ತಾರೆ, ಹೀಗೆ ಎರಡು ಮನೆಗಳ ನಡುವೆ ಹೋಗಿಬರುತ್ತಾ ಪಾತ್ರೆ ದೊಡ್ಡದಾಗುತ್ತಾ ಹೋಗುತ್ತದೆ. ಬರೆದು ಮುಗಿಸಿ, ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಗಟ್ಟಿಯಾಗಿ ಓದಿದೆ. 94 ಸೆಕೆಂಡ್ ಬಂತು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕೊನೆ. ಮಗ ಕೈಮುಗಿದು 'ಇನ್ಮೇಲೆ ಯಾರ ಮನೆಯಿಂದಲೂ ಏನೂ ತಗೋಬೇಡಿ' ಅನ್ನುತ್ತಿದ್ದ. ಅದು ಮಾತು. ಬಸ್ಸಿನಲ್ಲಿ, ಆಫೀಸಿನಲ್ಲಿ ಸೌಂಡ್ ಆಫ್ ಮಾಡಿಕೊಂಡು ನೋಡುವವರಿಗೆ ಅಲ್ಲಿ ಏನೂ ಇಲ್ಲ. ಒಬ್ಬ ಮನುಷ್ಯ ಕೈಮುಗಿದು ನಿಂತಿರುವುದು ಮಾತ್ರ ಕಾಣುತ್ತದೆ.

ಹಾಗಾಗಿ ಎಲ್ಲ ಬಿಟ್ಟು ಕೊನೆಯ ಚಿತ್ರವೊಂದನ್ನೇ ಹುಡುಕಿದೆ. ಮಾತಿಲ್ಲದೆ ನಗು ಬರಬೇಕು. ಎರಡು ದಿನ ಅದೂ ಇದೂ ಯೋಚಿಸಿ ಕೊನೆಗೆ ಹೊಳೆದದ್ದು ಇದು: ರಾತ್ರಿ, ಎದುರುಬದುರು ಎರಡು ಬಾಗಿಲು. ಈ ಮನೆಯ ಗಂಡ ಖಾಲಿ ಪಾತ್ರೆ ಹಿಡಿದು, ಕದ್ದು ಇಟ್ಟು ಬರೋಣ ಅಂತ ಹೊರಗೆ ಬರುತ್ತಾನೆ. ಅದೇ ಹೊತ್ತಿಗೆ ಆ ಮನೆಯ ಗಂಡನೂ ಖಾಲಿ ಪಾತ್ರೆ ಹಿಡಿದು ಬರುತ್ತಾನೆ. ಇಬ್ಬರೂ ಒಂದು ಕ್ಷಣ ನೋಡಿಕೊಂಡು, ಪಾತ್ರೆ ಬದಲಾಯಿಸಿಕೊಂಡು, ಒಳಗೆ ಹೋಗುತ್ತಾರೆ.

ಇದು ಸಿಕ್ಕಿದ ಮೇಲೆ ಹಿಂದಕ್ಕೆ ಬರೆಯುತ್ತಾ ಬಂದೆ. ಈ ಚಿತ್ರ ನೋಡಿದ ತಕ್ಷಣ ನಗು ಬರಬೇಕಾದರೆ ನೋಡುವವರಿಗೆ ಮೊದಲೇ ಮೂರು ವಿಷಯ ಗೊತ್ತಿರಬೇಕು. ಖಾಲಿ ಕೊಡುವುದು ತಪ್ಪು ಅನ್ನುವುದು ಒಂದು. ಆ ಮನೆಯಲ್ಲೂ ಇದೇ ಕಾಟ ಇದೆ ಅನ್ನುವುದು ಇನ್ನೊಂದು. ಮೂರನೆಯದು, ಈಗ ಕೈಯಲ್ಲಿರುವ ಪಾತ್ರೆಯಲ್ಲಿ ಏನೂ ಇಲ್ಲ ಅನ್ನುವುದು. ಇವಿಷ್ಟು ಬಿಟ್ಟು ಬೇರೆ ಏನಿದ್ದರೂ ತೆಗೆದೆ. ಮಗನ ಆಫೀಸಿನ ಮಾತು, ಅತ್ತೆಯ ಸೀರಿಯಲ್ ಹುಚ್ಚು ಎಲ್ಲ ಹೋಯಿತು. ಅವು ಚೆನ್ನಾಗಿಯೇ ಇದ್ದವು, ಆದರೆ ಈ ಕೊನೆಗೆ ಬೇಕಾಗಿರಲಿಲ್ಲ.

ಆಗ ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು. 'ಡಬ್ಬಿ ಅವರದ್ದೇ ಅಲ್ವಾ? ಚಿತ್ರಾನ್ನ ಹಾಕಿ ವಾಪಸ್ ಕೊಟ್ಟ ಮೇಲೆ ಲೆಕ್ಕ ಮುಗೀತಲ್ಲ. ಮತ್ತೆ ಅವರು ಯಾಕೆ ಕೊಡ್ತಾರೆ?' ನಿಜ. ಕಥೆ ಅಲ್ಲಿಗೇ ನಿಂತುಹೋಗುತ್ತಿತ್ತು. ನಾನು ಪಾತ್ರೆ ದೊಡ್ಡದಾಗುತ್ತಾ ಹೋಗುವುದನ್ನು ಬರೆದಿದ್ದೆನೇ ಹೊರತು, ಯಾಕೆ ದೊಡ್ಡದಾಗುತ್ತದೆ ಅಂತ ಬರೆದಿರಲಿಲ್ಲ.

ಇದಕ್ಕೆ ಸಿಕ್ಕ ಪರಿಹಾರ ಒಂದೇ ಮಾತಿನದ್ದು. ಅತ್ತೆ ಆ ಪುಟ್ಟ ಡಬ್ಬಿಯನ್ನು ನೋಡಿ 'ಇಷ್ಟರಲ್ಲಿ ಏನಂತ ಕೊಡೋದು' ಅಂದು, ಚಿತ್ರಾನ್ನವನ್ನು ತಮ್ಮ ದೊಡ್ಡ ಡಬ್ಬಕ್ಕೆ ತುಂಬುತ್ತಾರೆ. ಅವರ ಡಬ್ಬಿಯನ್ನು ಅದರ ಮೇಲಿಟ್ಟು ಕಳಿಸುತ್ತಾರೆ. ಈಗ ನಮ್ಮ ಡಬ್ಬ ಅವರ ಮನೆಯಲ್ಲಿ ಉಳಿಯಿತು. ಅದನ್ನು ಅವರು ಖಾಲಿ ಕೊಡುವ ಹಾಗಿಲ್ಲ. ಸರಪಳಿ ಮುಂದುವರಿಯುವುದಕ್ಕೆ ಕಾರಣವೂ ಸಿಕ್ಕಿತು, ಪಾತ್ರೆ ದೊಡ್ಡದಾಗುವುದಕ್ಕೆ ಕಾರಣವೂ ಸಿಕ್ಕಿತು.

ಏರಿಕೆಗೆ ಮೂರು ಮೆಟ್ಟಿಲು ಇಟ್ಟುಕೊಂಡೆ: ಡಬ್ಬ, ಬೋಗುಣಿ, ಕುಕ್ಕರ್. ನಾಲ್ಕನೆಯದಾಗಿ ಮದುವೆಮನೆಯ ಕೊಳಗ, ಅದನ್ನು ಇಬ್ಬರು ಹೊತ್ತು ತರುವುದು, ಇದೂ ಬರೆದಿದ್ದೆ. ಓದುವಾಗ ನಗು ಬರುತ್ತಿತ್ತು. ಆದರೆ ಕೊಳಗ ಬಂದ ಮೇಲೆ ಇಬ್ಬರು ಗಂಡಸರು ಸುಮ್ನೆ ಪಾತ್ರೆ ಬದಲಾಯಿಸಿಕೊಳ್ಳುವುದು ಸಪ್ಪೆ ಅನಿಸುತ್ತದೆ. ಕೊನೆಯ ಚಿತ್ರ ಸಣ್ಣದು, ಮನೆಯೊಳಗಿನದು. ಅದಕ್ಕಿಂತ ಏರಿಕೆ ದೊಡ್ಡದಾಗಬಾರದು. ಎಲ್ಲರ ಮನೆಯಲ್ಲೂ ಇರುವ ಐದು ಲೀಟರಿನ ಕುಕ್ಕರಿಗೆ ನಿಲ್ಲಿಸಿದೆ.

ಇಲ್ಲಿ ನಾನು ಕಂಡುಕೊಂಡದ್ದು ಒಂದಿದೆ. ಪಾತ್ರೆ ದೊಡ್ಡದಾಗುತ್ತಾ ಹೋದಂತೆ ಮಾತು ಕಡಿಮೆಯಾಗುತ್ತಾ ಹೋಗಬೇಕು. ಮೊದಲ ಸಲ ನಿಯಮ ಹೇಳಬೇಕು, ಅದಕ್ಕೆ ಮೂರು ಮಾತು. ಎರಡನೇ ಸಲ ಒಂದೇ ಮಾತು. ಮೂರನೇ ಸಲ ನೋಡುವವರಿಗೆ ಎಲ್ಲ ಗೊತ್ತು, ಮಾತೇ ಬೇಡ. ಸಮಯವೂ ಹಾಗೆಯೇ ಇಳಿಯುತ್ತದೆ. ಮೊದಲ ಕರಡಿನಲ್ಲಿ ಪ್ರತಿ ಮೆಟ್ಟಿಲಿಗೂ ಹತ್ತು ಹತ್ತು ಸೆಕೆಂಡ್ ಕೊಟ್ಟಿದ್ದೆ. ಅದರಿಂದಲೇ ನಡು ಭಾಗ ಜಗ್ಗುತ್ತಿತ್ತು.

ನಾನು ಬರೆಯುವುದು ಎರಡು ಕಾಲಂನಲ್ಲಿ. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಬರೆದ ಮೇಲೆ ಬಲಗಡೆಯನ್ನು ಕೈಯಿಂದ ಮುಚ್ಚಿ ಓದುತ್ತೇನೆ. ಎಡಗಡೆ ಒಂದರಿಂದಲೇ ಕಥೆ ಅರ್ಥವಾಗದಿದ್ದರೆ ಮತ್ತೆ ಕೂರುತ್ತೇನೆ. ಕೊನೆಗೆ ಉಳಿದ ಸ್ಕ್ರಿಪ್ಟ್ ಇಷ್ಟು. ಓದಲು ಸುಲಭವಾಗಲಿ ಅಂತ ಕಾಲಂ ಬಿಟ್ಟು ಬರೆದಿದ್ದೇನೆ.

0–4: ಮುಚ್ಚಿದ ಬಾಗಿಲು. ಬೆಲ್. ಸೊಸೆ ತೆರೆದಾಗ ಒಂದು ಕೈ ಪುಟ್ಟ ಸ್ಟೀಲ್ ಡಬ್ಬಿ ಕೊಡುತ್ತದೆ. ಒಳಗೆ ಕೋಸಂಬರಿ.

4–17: ಮಗ ಡಬ್ಬಿ ತೊಳೆದು ಕೊಡಲು ಹೊರಡುತ್ತಾನೆ. ಅಮ್ಮ ಅದನ್ನು ಕಿತ್ತುಕೊಂಡು, ಡಬ್ಬಿಯ ಬಾಯನ್ನು ಅವನ ಮುಖದ ಕಡೆ ತಿರುಗಿಸುತ್ತಾರೆ. 'ಖಾಲಿ ಡಬ್ಬಿ ವಾಪಸ್ ಕೊಡ್ತಾರೇನೋ?' ಮಗ: 'ಮತ್ತೆ?' ಅಮ್ಮ ದೊಡ್ಡ ಡಬ್ಬಕ್ಕೆ ಚಿತ್ರಾನ್ನ ತುಂಬುತ್ತಾ: 'ಇಷ್ಟರಲ್ಲಿ ಏನಂತ ಕೊಡೋದು!'

17–28: ಬೆಲ್. ಪಕ್ಕದ ಮನೆಯಾಕೆ ಬೋಗುಣಿ ತುಂಬ ಪುಳಿಯೋಗರೆ ಹಿಡಿದಿದ್ದಾರೆ, ಮೇಲೆ ನಮ್ಮ ಡಬ್ಬ. 'ನಮ್ಮತ್ತೆನೂ ಬಿಡಲ್ಲ ರೀ, ಖಾಲಿ ಕೊಡಬಾರದಂತೆ.'

28–36: ಅಡುಗೆಮನೆ. ಅವರ ಬೋಗುಣಿ ಇನ್ನೂ ಸಿಂಕ್‌ನಲ್ಲಿ ನೆನೆಯುತ್ತಿದೆ. ಅಮ್ಮ ಆಗಲೇ ಕುಕ್ಕರ್ ತುಂಬ ಬಿಸಿಬೇಳೆಬಾತ್ ಮಾಡಿ ಮಗನ ಎರಡೂ ಕೈಗೆ ಕೊಡುತ್ತಾರೆ. ಯಾರೂ ಮಾತಾಡುವುದಿಲ್ಲ.

36–41: ಫ್ರಿಜ್ ಬಾಗಿಲು ಮುಚ್ಚುತ್ತಿಲ್ಲ. ಮಗ ಬೆನ್ನು ಕೊಟ್ಟು ಒತ್ತುತ್ತಾನೆ. ಅವನ ಕಣ್ಣು ಸಿಂಕ್ ಕಡೆ ಹೋಗುತ್ತದೆ.

41–57: ರಾತ್ರಿ. ಕಾರಿಡಾರ್. ಮಗ ಬೋಗುಣಿ ಹಿಡಿದು ಬೆರಳ ತುದಿಯಲ್ಲಿ ನಡೆದು ಬರುತ್ತಾನೆ. ತಲೆ ಎತ್ತುತ್ತಾನೆ. ಎದುರಿಗೆ ಪಕ್ಕದ ಮನೆಯಾತ, ಕೈಯಲ್ಲಿ ನಮ್ಮ ಕುಕ್ಕರ್. ಮಗ ನಿಧಾನವಾಗಿ ಬೋಗುಣಿಯ ಬಾಯನ್ನು ಅವನ ಕಡೆ ತಿರುಗಿಸುತ್ತಾನೆ. ಅವನೂ ಕುಕ್ಕರಿನ ಬಾಯನ್ನು ತಿರುಗಿಸುತ್ತಾನೆ. ಬದಲಾಯಿಸಿಕೊಳ್ಳುತ್ತಾರೆ.

57–60: ಎರಡೂ ಬಾಗಿಲು ಮುಚ್ಚುತ್ತವೆ. ಶಾಟ್ ನಮ್ಮ ಬಾಗಿಲ ಮೇಲೆ ನಿಲ್ಲುತ್ತದೆ.

ಡಬ್ಬಿಯ ಬಾಯಿ ತಿರುಗಿಸುವುದು ಮೊದಲು ಇರಲಿಲ್ಲ. ಮೊದಲ ಸಲ ಶೂಟ್ ಮಾಡಿದಾಗ ಇಬ್ಬರೂ ಮುಚ್ಚಳ ಹಾಕಿದ ಪಾತ್ರೆಗಳನ್ನೇ ಬದಲಾಯಿಸಿಕೊಂಡಿದ್ದರು. ಅದನ್ನು ಸೌಂಡ್ ಇಲ್ಲದೆ ನಮ್ಮ ಚಿಕ್ಕಮ್ಮನಿಗೆ ತೋರಿಸಿದೆ. ಪೂರ್ತಿ ನೋಡಿ 'ರಾತ್ರಿಯೂ ಊಟ ಅದಲುಬದಲು ಮಾಡ್ಕೊಂಡ್ರಾ?' ಅಂತ ಕೇಳಿದರು. ಪಾತ್ರೆ ಖಾಲಿ ಅನ್ನುವುದು ಬರೆದ ನನಗೆ ಗೊತ್ತಿತ್ತು, ನೋಡುವವರ ಕಣ್ಣಿಗೆ ಗೊತ್ತಾಗಲಿಲ್ಲ. ಬೇರೆಯವರಿಗೆ ತೋರಿಸಿದಾಗ 'ಚೆನ್ನಾಗಿದೆಯಾ' ಅಂತ ನಾನು ಕೇಳುವುದಿಲ್ಲ. 'ಕೊನೆಯಲ್ಲಿ ಏನಾಯ್ತು' ಅಂತ ಕೇಳುತ್ತೇನೆ. ಅವರು ಹೇಳುವ ಕಥೆ ನನ್ನ ಕಥೆಗಿಂತ ಬೇರೆಯಾದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ.

ಸುಲಭದ ದಾರಿ ಎಂದರೆ ಕೊನೆಯಲ್ಲಿ ಮುಚ್ಚಳ ತೆಗೆದು ತೋರಿಸುವುದು. ಆದರೆ ನಗು ಬರಬೇಕಾದ ಜಾಗದಲ್ಲಿ ಹೊಸ ವಿಷಯ ಕಲಿಸಿದರೆ ನೋಡುವವರು ಯೋಚನೆಗೆ ಬೀಳುತ್ತಾರೆ. ಅದಕ್ಕೇ ಆ ಕೈಚಲನೆಯನ್ನು ಎಂಟನೇ ಸೆಕೆಂಡಿನ ಹತ್ತಿರ, ಅಮ್ಮನ ಕೈಯಲ್ಲಿ ಇಟ್ಟೆ. ಡಬ್ಬಿಯ ಬಾಯಿ ತಿರುಗಿಸಿದರೆ 'ಇದು ಖಾಲಿ' ಅಂತ ಅಲ್ಲೇ ಅರ್ಥ ಕೂತುಬಿಡುತ್ತದೆ. ಅಲ್ಲಿ ಅದು ಬೈಗುಳ. ಕೊನೆಯಲ್ಲಿ ಅದೇ ಚಲನೆ, ಇಬ್ಬರು ಗಂಡಸರ ನಡುವೆ, ತಪ್ಪೊಪ್ಪಿಗೆಯಾಗುತ್ತದೆ. ಮುಚ್ಚಳಗಳನ್ನು ರಾತ್ರಿ ದೃಶ್ಯದಿಂದ ತೆಗೆದೇಬಿಟ್ಟೆ.

ಪಕ್ಕದ ಮನೆಯಾತ ಬೇಗ ಕಂಡುಬಿಡುವುದು ಇನ್ನೊಂದು ತೊಂದರೆಯಾಗಿತ್ತು. ಎದುರುಬದುರು ಬಾಗಿಲು ಇರುವುದರಿಂದ ಮಗ ಹೊರಗೆ ಬಂದ ತಕ್ಷಣ ಹಿಂದೆ ಅವನೂ ಫ್ರೇಮಿನಲ್ಲಿ ಬರುತ್ತಿದ್ದ. ಫೋನನ್ನು ನಿಲ್ಲಿಸಿ ಹಿಡಿದು ಶೂಟ್ ಮಾಡುವುದು ಇಲ್ಲಿ ಅನುಕೂಲಕ್ಕೆ ಬಂತು. ಆ ಫ್ರೇಮು ಕಿರಿದು, ಪಕ್ಕದಲ್ಲಿ ಇರುವವರು ಕಾಣುವುದಿಲ್ಲ. ಮಗನ ಪಾದದಿಂದ ಶುರುಮಾಡಿ, ಬೋಗುಣಿ, ಮುಖ, ಹೀಗೆ ಮೇಲಕ್ಕೆ ಬಂದೆವು. ಅವನ ಕಣ್ಣು ಗಾಬರಿಯಿಂದ ದೊಡ್ಡದಾದ ಮೇಲೆ ಮಾತ್ರ ಎದುರಿನವನಿಗೆ ಕಟ್. ಪಾತ್ರೆಗಳು ಫ್ರೇಮಿನ ನಡುವೆಯೇ ಇರುವ ಹಾಗೆ ಎದೆಯ ಎತ್ತರಕ್ಕೆ ಹಿಡಿಸಿದೆ. ಕೆಳಗಡೆ ಹೆಸರು, ವಿವರಣೆಯ ಅಕ್ಷರ ಬಂದು ಮುಚ್ಚುತ್ತವೆ. ಸೊಂಟದ ಹತ್ತಿರ ಹಿಡಿದಿದ್ದರೆ ನಗುವೇ ಅಕ್ಷರದ ಹಿಂದೆ ಹೋಗುತ್ತಿತ್ತು.

ಅಡುಗೆ ನಿಜವಾದದ್ದೇ. ಬೋಗುಣಿ ತುಂಬ ಮಾಡಲಿಲ್ಲ ಅಷ್ಟೆ. ಒಳಗೆ ಒಂದು ಪಾತ್ರೆ ಬೋರಲು ಹಾಕಿ, ಅದರ ಮೇಲೆ ಪುಳಿಯೋಗರೆ ಹರಡಿದರೆ ತುಂಬಿದ ಹಾಗೆ ಕಾಣುತ್ತದೆ. ಆದರೆ ಆಗ ಪಾತ್ರೆ ಹಗುರ. ಹಿಡಿದವರ ಕೈ ಅದನ್ನು ಹೇಳಿಬಿಡುತ್ತದೆ. ಅಡಿಯಲ್ಲಿ ನೀರಿನ ಸಣ್ಣ ಬಾಟಲಿ ಇಟ್ಟ ಮೇಲೆ ತೋಳು ನಿಜವಾಗಿ ಬಿಗಿಯಾಯಿತು. ರಾತ್ರಿ ದೃಶ್ಯದಲ್ಲಿ ಅದೇ ಬೋಗುಣಿ ಎರಡು ಬೆರಳಲ್ಲಿ ತೂಗಾಡುವುದು ಇದರಿಂದ ಇನ್ನೂ ಚೆನ್ನಾಗಿ ಕಂಡಿತು.

ಪಾತ್ರೆ ಬದಲಾಯಿಸಿಕೊಂಡ ಮೇಲೆ ಪಕ್ಕದ ಮನೆಯಾತನಿಗೆ ಒಂದು 'ಗುಡ್ ನೈಟ್' ಇತ್ತು. ಅವರು ಅದನ್ನು ತುಂಬಾ ಚೆನ್ನಾಗಿಯೂ ಹೇಳಿದ್ದರು. ಎಡಿಟ್ ಮಾಡುವಾಗ ತೆಗೆದೆ. ಬದಲಾವಣೆ ಆದ ಕ್ಷಣಕ್ಕೇ ನಗು ಬಂದಾಗಿದೆ, ಅದರ ಮೇಲೆ ಬರುವ ಮಾತು ಆ ನಗುವನ್ನು ನಿಲ್ಲಿಸುತ್ತದೆ. ಬದಲಿಗೆ ಮುಚ್ಚಿದ ಬಾಗಿಲ ಮೇಲೆ ಎರಡು ಸೆಕೆಂಡ್ ಸುಮ್ಮನೆ ಬಿಟ್ಟೆ. ಈ ವಿಡಿಯೊಗಳು ಮುಗಿದ ತಕ್ಷಣ ತಾವೇ ಮತ್ತೆ ಶುರುವಾಗುತ್ತವೆ. ಮೊದಲ ಶಾಟ್ ಕೂಡ ಅದೇ ಬಾಗಿಲು, ಅದೇ ಕೋನದಿಂದ. ಕೊನೆಯ ಶಾಟನ್ನು ಅದಕ್ಕೆ ಸರಿಯಾಗಿ ಹೊಂದಿಸಲು ಬಾಗಿಲ ಚೌಕಟ್ಟಿನ ಅಂಚನ್ನು ನೋಡಿಕೊಂಡು ಫೋನ್ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದೆ. ಕಾರಿಡಾರಿನ ಟ್ಯೂಬ್‌ಲೈಟನ್ನು ಆ ಎರಡು ಶಾಟ್‌ಗೂ ಹಾಕಿಯೇ ಇಟ್ಟಿದ್ದೆ, ಬೆಳಕು ಒಂದೇ ಥರ ಇರಲಿ ಅಂತ. ಈಗ ಇಬ್ಬರೂ ಒಳಗೆ ಹೋಗಿ ಬಾಗಿಲು ಮುಚ್ಚುತ್ತಾರೆ, ಒಂದು ಉಸಿರು ಮೌನ, ಮತ್ತೆ ಬೆಲ್ ಹೊಡೆಯುತ್ತದೆ.